ಒಂದು ಅಕ್ಷರ, ದೂರದ ಜೀನ್

2008ರ ಸುಮಾರಿಗೆ ಸಾವಿರಾರು ಜನರ ಡಿಎನ್‌ಎಯನ್ನು ಅವರ ರಕ್ತದ ಕೊಲೆಸ್ಟೆರಾಲ್ ಜೊತೆ ತಾಳೆ ನೋಡಿದ ತಂಡಗಳಿಗೆ ಒಂದನೇ ವರ್ಣತಂತುವಿನ ಒಂದೇ ತಾಣ ಮತ್ತೆ ಮತ್ತೆ ಸಿಕ್ಕಿತು. ಅಲ್ಲಿನ ವ್ಯತ್ಯಾಸ ಇರುವವರಲ್ಲಿ 'ಕೆಟ್ಟ' ಕೊಲೆಸ್ಟೆರಾಲ್ ಎನಿಸಿದ ಎಲ್‌ಡಿಎಲ್ ಕಡಿಮೆ, ಹೃದಯಾಘಾತದ ಅಪಾಯವೂ ಕಡಿಮೆ. ಆದರೆ ಆ ತಾಣ ಯಾವ ಪ್ರೋಟೀನನ್ನೂ ಬದಲಿಸುವಂತಿರಲಿಲ್ಲ. ಸೆಲ್ಸರ್2 ಎಂಬ ಜೀನ್‌ನ ಬಾಲದಲ್ಲಿ, ಪ್ರೋಟೀನ್‌ನ ಸೂತ್ರ ಮುಗಿದ ಮೇಲಿನ ಭಾಗದಲ್ಲಿ ಅದು ಕೂತಿತ್ತು.

ಹಾಗಾದರೆ ಅದು ಮಾಡುವುದೇನು? ಉತ್ತರ ಹುಡುಕಲು ಲಿವರ್‌ಗೇ ಹೋಗಬೇಕಾಯಿತು. ನೂರಾರು ಜನರ ಲಿವರ್ ಮಾದರಿ ತೆಗೆದುಕೊಂಡು, ಪ್ರತಿಯೊಬ್ಬರಲ್ಲೂ ಆ ವ್ಯತ್ಯಾಸದ ಪ್ರತಿ ಸೊನ್ನೆಯೋ ಒಂದೋ ಎರಡೋ ಎಂದು ಗುರುತಿಸುತ್ತಾರೆ. ಸುತ್ತಲಿನ ಪ್ರತಿ ಜೀನ್‌ನಿಂದ ಎಷ್ಟು ಆರ್‌ಎನ್‌ಎ ಹೊರಬಂದಿದೆ ಎಂದು ಅಳೆಯುತ್ತಾರೆ. ಪ್ರತಿ ಹೆಚ್ಚಿದಂತೆ ಆರ್‌ಎನ್‌ಎ ಪ್ರಮಾಣವೂ ಒಂದೇ ದಿಕ್ಕಿನಲ್ಲಿ ಏರಿದರೆ ಅಥವಾ ಇಳಿದರೆ, ಆ ತಾಣವನ್ನು ಇಕ್ಯೂಟಿಎಲ್ ಎನ್ನುತ್ತಾರೆ. ಇಲ್ಲಿ ಎದ್ದು ಕಂಡದ್ದು ಸಾರ್ಟ್1 ಜೀನ್. ಅದು ಓದಿಸಿಕೊಳ್ಳಲು ಶುರುವಾಗುವ ತುದಿ ಈ ತಾಣದಿಂದ ಒಂದು ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟು ದೂರ. ಆದರೂ ವ್ಯತ್ಯಾಸದ ಎರಡು ಪ್ರತಿ ಇದ್ದವರ ಲಿವರ್‌ನಲ್ಲಿ ಅದರ ಚಟುವಟಿಕೆ, ಒಂದೂ ಇಲ್ಲದವರಿಗಿಂತ ಹತ್ತು ಪಟ್ಟಿಗೂ ಮೀರಿತ್ತು. ಕೊಬ್ಬಿನ ಅಂಗಾಂಶದಲ್ಲಿ ನೋಡಿದರೆ ಈ ಪರಿಣಾಮ ಇಲ್ಲವೇ ಇಲ್ಲ. ಸುಲಭವಾಗಿ ಸಿಗುವ ರಕ್ತವನ್ನಷ್ಟೇ ಪರೀಕ್ಷಿಸಿ ತೃಪ್ತರಾದರೆ ಇಂಥ ಸುಳಿವುಗಳು ತಪ್ಪಿಹೋಗುವುದು ಹೀಗೆ.

ಇಷ್ಟಕ್ಕೇ ಕಾರಣ ಸಿಕ್ಕಿತು ಎನ್ನುವಂತಿಲ್ಲ. ಡಿಎನ್‌ಎಯಲ್ಲಿ ಅಕ್ಕಪಕ್ಕದ ವ್ಯತ್ಯಾಸಗಳು ತಲೆಮಾರಿನಿಂದ ತಲೆಮಾರಿಗೆ ಗುಂಪಾಗಿಯೇ ಸಾಗುತ್ತವೆ. ಗುಂಪಿನಲ್ಲಿ ಕೆಲಸ ಮಾಡುವುದು ಯಾವುದು, ಸುಮ್ಮನೆ ಜೊತೆಗಿರುವುದು ಯಾವುದು ಎಂಬುದನ್ನು ಅಂಕಿಅಂಶ ಹೇಳದು. ಸಾಲದ್ದಕ್ಕೆ ಪಿಎಸ್‌ಆರ್‌ಸಿ1 ಎಂಬ ಪಕ್ಕದ ಜೀನ್ ಕೂಡ ಏರಿತ್ತು.

ಕಿರಣ್ ಮುಸುನೂರು ಮತ್ತು ಸಂಗಡಿಗರು 2010ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದ ಕೆಲಸ ನನಗೆ ಇಷ್ಟವಾಗುವುದು ಈ ಗಂಟನ್ನು ತಾಳ್ಮೆಯಿಂದ ಬಿಡಿಸಿದ್ದಕ್ಕೆ. ಆ ಡಿಎನ್‌ಎ ತುಣುಕನ್ನು ಮಿಂಚುಹುಳುವಿನ ಬೆಳಕಿನ ಜೀನ್‌ಗೆ ಜೋಡಿಸಿ ಲಿವರ್ ಮೂಲದ ಜೀವಕೋಶಗಳಲ್ಲಿಟ್ಟು, ಒಂದೊಂದೇ ಅಕ್ಷರ ಬದಲಿಸಿದರು. ಬೆಳಕನ್ನು ಏರಿಳಿಸಿದ್ದು rs12740374 ಎಂಬ ಒಂದು ತಾಣ. ಅಲ್ಲಿ ಜಿ ಬದಲು ಟಿ ಬಂದರೆ, ಲಿವರ್‌ನಲ್ಲಿ ಜೀನ್‌ಗಳನ್ನು ಚುರುಕುಗೊಳಿಸುವ ಸಿ/ಇಬಿಪಿ ಪ್ರೋಟೀನ್ ಬಂದು ಕೂರಲು ಹೊಸ ಜಾಗ ಹುಟ್ಟುತ್ತದೆ. ಇಲಿಗಳ ಲಿವರ್‌ನಲ್ಲಿ ಸಾರ್ಟ್1 ಹೆಚ್ಚಿಸಿದಾಗ ಕೊಲೆಸ್ಟೆರಾಲ್ ಇಳಿಯಿತು, ತಗ್ಗಿಸಿದಾಗ ಏರಿತು.

ಅದೇ ವರ್ಷ ಮತ್ತೊಂದು ತಂಡ ಸಾರ್ಟ್1 ಸಂಪೂರ್ಣವಾಗಿ ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಕೊಲೆಸ್ಟೆರಾಲ್ ಏರಬೇಕಿತ್ತು, ಇಳಿದಿತ್ತು. ಯಾವ ಅಕ್ಷರ ಯಾವ ಜೀನ್ ಅನ್ನು ಎಬ್ಬಿಸುತ್ತದೆ ಎಂಬುದು ಇದರಿಂದ ಅಲುಗಲಿಲ್ಲ. ಆದರೆ ಆ ಜೀನ್‌ನ ಪ್ರೋಟೀನ್ ಲಿವರ್ ಒಳಗೆ ಕೊಬ್ಬಿನ ಕಣಗಳನ್ನು ತಡೆದಿಡುತ್ತದೆಯೋ, ಹೊರಗೆ ಕಳಿಸುತ್ತದೆಯೋ ಎಂಬ ವಾದ ಅಲ್ಲಿಂದ ಶುರುವಾಯಿತು.