ಜಾಹೀರಾತಿಗೆ ಮುನ್ನ ಇನ್ನೂರು ಅಕ್ಷರ

ಒಂದು ಹುದ್ದೆ ಲಿಂಕ್ಡ್‌ಇನ್‌ನಲ್ಲಿ ಜಾಹೀರಾತಾಗಿ ಕಾಣಿಸುವ ಹೊತ್ತಿಗೆ ಅದು ಕಂಪನಿಯೊಳಗೆ ಹುಟ್ಟಿ ಎಷ್ಟೋ ದಿನವಾಗಿರುತ್ತದೆ. ಮೊದಲು ವಿಭಾಗದ ಮ್ಯಾನೇಜರ್‌ಗೆ ಇನ್ನಿಬ್ಬರು ಬೇಕು ಅನ್ನಿಸುತ್ತದೆ. ಅವರು ಮೇಲಿನವರನ್ನು ಒಪ್ಪಿಸಬೇಕು, ಬಜೆಟ್ ಇದೆಯೇ ಎಂದು ಫೈನಾನ್ಸ್‌ನವರು ನೋಡಬೇಕು, ಆಮೇಲೆ ಎಚ್‌ಆರ್ ವ್ಯವಸ್ಥೆಯಲ್ಲಿ ಆ ಹುದ್ದೆಗೊಂದು ನಂಬರ್ ಬೀಳಬೇಕು. ಈ ಮಂಜೂರಾತಿಯನ್ನು ರಿಕ್ವಿಸಿಷನ್ ಎನ್ನುತ್ತಾರೆ. ಅದು ಆದ ಮೇಲೂ ಅನೇಕ ಕಂಪನಿಗಳು ಮೊದಲು ಒಳಗಿನ ಸಿಬ್ಬಂದಿಗೆ ತಿಳಿಸುತ್ತವೆ, ಅವರ ಪರಿಚಯದವರಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತವೆ. ಹೊರಗಿನವರಿಗೆ ಸುದ್ದಿ ಸಿಗುವುದು ಇಷ್ಟೆಲ್ಲ ಮುಗಿದ ಮೇಲೆ.

ಆದರೆ ರಿಕ್ರೂಟರ್‌ಗೆ ಬಹಳ ಸಲ ಮುಂಚೆಯೇ ಸುಳಿವಿರುತ್ತದೆ. ‘ಮುಂದಿನ ಕ್ವಾರ್ಟರ್‌ನಲ್ಲಿ ಇಬ್ಬರು ಬೇಕಾಗಬಹುದು, ನೋಡ್ತಾ ಇರಿ’ ಎಂದು ಮ್ಯಾನೇಜರ್ ಒಂದು ಮಾತು ಹಾಕಿರುತ್ತಾರೆ. ಪರಿಚಯವೇ ಇಲ್ಲದವರ ಸಂದೇಶಕ್ಕೆ ಬೆಲೆ ಬರುವುದು ಈ ನಡುವಿನ ಅವಧಿಯಲ್ಲಿ. ರಿಕ್ರೂಟರ್ ತಾವಾಗಿಯೇ ಹುದ್ದೆ ಸೃಷ್ಟಿಸಲಾರರು. ಅವರ ಕೈಯಲ್ಲಿರುವುದು ನಿಮ್ಮ ನಾಲ್ಕು ಸಾಲನ್ನು ಮ್ಯಾನೇಜರ್‌ಗೆ ದಾಟಿಸಿ ‘ಇವರನ್ನು ಒಮ್ಮೆ ನೋಡ್ತೀರಾ?’ ಎಂದು ಕೇಳುವುದಷ್ಟೇ. ಹಾಗಾಗಿ ಒಂದಕ್ಷರವನ್ನೂ ಬದಲಿಸದೆ ದಾಟಿಸಬಹುದಾದ ಸಂದೇಶವೇ ಒಳ್ಳೆಯ ಸಂದೇಶ.

ಒಂದು ಉದಾಹರಣೆ ಹಿಡಿದು ನೋಡೋಣ. ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ವಿಮಾನದ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕ್ವಾಲಿಟಿ ಎಂಜಿನಿಯರ್ ಒಬ್ಬರಿದ್ದಾರೆ ಎಂದುಕೊಳ್ಳಿ, ಐದು ವರ್ಷದ ಅನುಭವ. ದೇವನಹಳ್ಳಿಯ ಏರೋಸ್ಪೇಸ್ ಪಾರ್ಕ್‌ನಲ್ಲಿ ಒಂದು ಕಂಪನಿ ಹೊಸ ಘಟಕ ಕಟ್ಟುತ್ತಿದೆ, ಹಳೆಯ ಘಟಕದ ಕೆಲವು ಭಾಗಗಳ ತಯಾರಿಕೆ ಅಲ್ಲಿಗೆ ಬರಲಿದೆ ಎಂಬ ಸುದ್ದಿಯನ್ನು ಅವರು ಓದುತ್ತಾರೆ. ಕಂಪನಿಯ ಉದ್ಯೋಗ ಪುಟದಲ್ಲಿ ಕ್ವಾಲಿಟಿ ವಿಭಾಗದ ಹುದ್ದೆ ಒಂದೂ ಇಲ್ಲ. ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಈ ಕ್ಷೇತ್ರ ಬಲ್ಲವರಿಗೆ ಆ ಸುದ್ದಿಯೊಳಗೆ ಇನ್ನೊಂದು ಸುದ್ದಿ ಕಾಣುತ್ತದೆ. ವಿಮಾನದ ಭಾಗವನ್ನು ಹೊಸದಾಗಿ ತಯಾರಿಸುವಾಗ, ಮೊದಲು ಹೊರಬಂದ ತುಣುಕಿನ ಅಳತೆಗಳನ್ನು ನಕ್ಷೆಯಲ್ಲಿರುವ ಒಂದೊಂದು ಅಂಶಕ್ಕೂ ಹೊಂದಿಸಿ ನೋಡಿ ದಾಖಲಿಸಬೇಕು. ಇದು ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್. ಎಎಸ್ 9102 ಎಂಬ ಮಾನದಂಡ ಇದರ ನಿಯಮಗಳನ್ನು ಹೇಳುತ್ತದೆ. ತಯಾರಿಕೆಯ ಜಾಗ ಬದಲಾದರೂ ಬದಲಾವಣೆ ಮುಟ್ಟುವಷ್ಟು ಮಟ್ಟಿಗೆ ಈ ತಪಾಸಣೆ ಮತ್ತೆ ಆಗಬೇಕು. ಅಂದರೆ ಹೊಸ ಘಟಕದಲ್ಲಿ ಆರಂಭದ ತಿಂಗಳುಗಳಲ್ಲಿ ಈ ಕೆಲಸ ರಾಶಿ ಬೀಳುತ್ತದೆ, ಮಾಡಬಲ್ಲವರು ಮೊದಲ ತುಣುಕು ಬರುವ ಮುನ್ನವೇ ಅಲ್ಲಿರಬೇಕು.

ಈಗ ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ. ಯಂತ್ರಗಳು ಜನವರಿಯಲ್ಲಿ ಓಡಬೇಕಾದರೆ ಜನ ಡಿಸೆಂಬರ್‌ಗೆ ಸೇರಿರಬೇಕು. ನಮ್ಮ ಕಡೆ ನೋಟಿಸ್ ಪೀರಿಯಡ್ ಎರಡು ತಿಂಗಳೋ ಮೂರು ತಿಂಗಳೋ ಇರುವುದು ಮಾಮೂಲು, ಸಂದರ್ಶನ ಮತ್ತು ಆಫರ್‌ಗೆ ಇನ್ನೊಂದು ತಿಂಗಳು ಹಿಡಿಯುತ್ತದೆ. ಹುಡುಕಾಟ ಸೆಪ್ಟೆಂಬರ್‌ಗಾದರೂ ಶುರುವಾಗಲೇಬೇಕು. ನಮ್ಮ ಎಂಜಿನಿಯರ್ ಬರೆಯಬೇಕಾದದ್ದು ಆಗಸ್ಟ್‌ನಲ್ಲಿ.

ಯಾರಿಗೆ ಬರೆಯುವುದು? ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಪುಟ ತೆರೆದರೆ ಅಲ್ಲಿ ಕೆಲಸ ಮಾಡುವವರ ಪಟ್ಟಿ ಸಿಗುತ್ತದೆ. ಟ್ಯಾಲೆಂಟ್ ಅಕ್ವಿಸಿಷನ್ ಎಂದು ಹುಡುಕಿದರೆ ನೇಮಕಾತಿಯವರು ಕಾಣುತ್ತಾರೆ. ಕಂಡ ಮೊದಲ ಹೆಸರಿಗೇ ಬರೆದುಬಿಡಬೇಡಿ. ಅವರು ಇತ್ತೀಚೆಗೆ ಹಾಕಿದ ಪೋಸ್ಟ್‌ಗಳನ್ನು ಓದಿದರೆ ಯಾವ ವಿಭಾಗಕ್ಕೆ ಜನ ತೆಗೆದುಕೊಳ್ಳುತ್ತಾರೆ ಎಂಬುದು ತಿಳಿಯುತ್ತದೆ. ಕಾಲೇಜು ಕ್ಯಾಂಪಸ್‌ಗಳಿಗೆ ಓಡಾಡುವ ರಿಕ್ರೂಟರ್‌ಗೆ ಐದು ವರ್ಷದ ಅನುಭವಿಯಿಂದ ಏನೂ ಆಗಬೇಕಿಲ್ಲ.

ಆ ಕಂಪನಿಯಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ ಇದ್ದರೆ ರಿಕ್ರೂಟರ್‌ಗೆ ಬರೆಯುವ ಮುನ್ನ ಅವರನ್ನು ವಿಚಾರಿಸಿ. ರಿಕ್ರೂಟರ್ ನಿಮ್ಮ ರೆಸ್ಯೂಮೆಯನ್ನು ವ್ಯವಸ್ಥೆಗೆ ಸೇರಿಸಿಬಿಟ್ಟರೆ, ಆಮೇಲೆ ಬಂದ ಗೆಳೆಯರ ರೆಫರಲ್ ಕೆಲವು ಕಂಪನಿಗಳಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕನ್ಸಲ್ಟೆನ್ಸಿ ಮೂಲಕ ಒಮ್ಮೆ ಹೋಗಿದ್ದರೂ ಇದೇ ತಕರಾರು. ಒಬ್ಬರನ್ನೇ ಎರಡು ಬಾಗಿಲಿಂದ ಕಂಡರೆ ಕಮಿಷನ್ ಯಾರಿಗೆ ಎಂಬ ಜಗಳಕ್ಕಿಂತ ಆ ಅಭ್ಯರ್ಥಿಯನ್ನೇ ಬಿಡುವುದು ಸುಲಭ ಎಂದುಕೊಳ್ಳುವವರೂ ಇದ್ದಾರೆ.

ಪರಿಚಯವಿಲ್ಲದವರಿಗೆ ಉಚಿತ ಖಾತೆಯಿಂದ ಬರೆಯುವ ದಾರಿ ಎಂದರೆ ಕನೆಕ್ಷನ್ ಕೋರಿಕೆಯ ಜೊತೆ ಕಳಿಸುವ ಚಿಕ್ಕ ಟಿಪ್ಪಣಿ. ಅದರಲ್ಲಿ ಹಿಡಿಸುವುದು 200 ಅಕ್ಷರ, ಖಾಲಿ ಜಾಗವೂ ಸೇರಿ. ಅಂಥ ಟಿಪ್ಪಣಿಗಳೂ ತಿಂಗಳಿಗೆ ಕೆಲವೇ. ನನ್ನನ್ನು ಕೇಳಿದರೆ ಈ ಇಕ್ಕಟ್ಟು ಒಳ್ಳೆಯದೇ, ಬೇಡದ್ದನ್ನೆಲ್ಲ ಅದೇ ಹೊರಗೆ ಹಾಕುತ್ತದೆ.

‘ಗೌರವಾನ್ವಿತ ಸರ್/ಮೇಡಂ, ನಾನು ಶ್ರಮಜೀವಿ, ಕಲಿಯುವ ಆಸಕ್ತಿ ಇದೆ, ಸೂಕ್ತ ಹುದ್ದೆ ಇದ್ದರೆ ದಯವಿಟ್ಟು ತಿಳಿಸಿ.’ ಇಂಥದ್ದು ರಿಕ್ರೂಟರ್‌ಗಳಿಗೆ ದಿನಾ ಬರುತ್ತದೆ. ಇದರಲ್ಲಿ ದಾಟಿಸಲು ಏನೂ ಇಲ್ಲ. ‘ಸೂಕ್ತ’ ಯಾವುದೆಂದು ಹುಡುಕುವ ಕೆಲಸವನ್ನೂ ಅವರ ತಲೆಗೇ ಕಟ್ಟಿದಂತಾಯಿತು. ಬರೀ ‘ಹಾಯ್’ ಎಂದು ಕಳಿಸಿ ಕಾಯುವವರದು ಇದಕ್ಕಿಂತ ಕಷ್ಟದ ಕಥೆ.

ನಮ್ಮ ಎಂಜಿನಿಯರ್ ಇಂಗ್ಲಿಷಿನಲ್ಲಿ ಬರೆಯುವುದರ ಕನ್ನಡ ಹೀಗಿರಬಹುದು: ‘ನಿಮ್ಮ ದೇವನಹಳ್ಳಿ ಘಟಕದ ಸುದ್ದಿ ನೋಡಿದೆ. ಕ್ವಾಲಿಟಿ ಎಂಜಿನಿಯರ್, 5 ವರ್ಷ, ಪೀಣ್ಯ. ಎಎಸ್ 9102 ಫಸ್ಟ್ ಆರ್ಟಿಕಲ್ ವರದಿ, ಸಿಎಂಎಂ ತಪಾಸಣೆ. ನೋಟಿಸ್ 60 ದಿನ. ಅಲ್ಲಿಗೆ ಕ್ವಾಲಿಟಿಯವರು ಬೇಕಾದರೆ ಒಂದು ಪುಟದ ರೆಸ್ಯೂಮೆ ಕಳಿಸಲೇ?’

ಈಗಲೇ ಏಕೆ ಬರೆದರು, ಏನು ಬಲ್ಲರು, ಯಾವಾಗ ಬರಬಲ್ಲರು, ಎಲ್ಲ ಇದರಲ್ಲಿದೆ. ಕೊನೆಯ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಬಹುದು. ಕೆಲಸ ಕೊಡಿ ಎಂದು ಎಲ್ಲೂ ಕೇಳಿಲ್ಲ, ಹಾಗೆ ಕೇಳಿದ್ದರೆ ಇನ್ನೂ ಮಂಜೂರಾಗದ ಹುದ್ದೆಯ ಬಗ್ಗೆ ರಿಕ್ರೂಟರ್ ಏನೂ ಹೇಳಲಾಗದೆ ಸುಮ್ಮನಾಗುತ್ತಿದ್ದರು. ಟಿಪ್ಪಣಿ ಓದಿದವರು ತಕ್ಷಣ ನೋಡುವುದು ನಿಮ್ಮ ಹೆಸರಿನ ಕೆಳಗಿನ ಸಾಲನ್ನು. ಅಲ್ಲಿ ‘ಹೊಸ ಅವಕಾಶಗಳ ಹುಡುಕಾಟದಲ್ಲಿ’ ಎಂದಷ್ಟೇ ಇದ್ದರೆ ಟಿಪ್ಪಣಿಯ ಅರ್ಧ ಬಲ ಅಲ್ಲೇ ಹೋಯಿತು. ಏರೋಸ್ಪೇಸ್ ಕ್ವಾಲಿಟಿ, ಸಿಎಂಎಂ ಎಂಬ ಪದಗಳು ಅಲ್ಲೂ ಇರಲಿ, ರಿಕ್ರೂಟರ್‌ಗಳು ಹುಡುಕುವುದೂ ಅದೇ ಪದಗಳಿಂದ.

ಉತ್ತರ ಬಾರದಿದ್ದರೆ ಕಳಿಸಿದ ಕೋರಿಕೆಯನ್ನು ಅವಸರದಲ್ಲಿ ಹಿಂತೆಗೆದುಕೊಳ್ಳಬೇಡಿ. ಹಿಂತೆಗೆದರೆ ಸುಮಾರು ಮೂರು ವಾರ ಅದೇ ವ್ಯಕ್ತಿಗೆ ಮತ್ತೆ ಕಳಿಸಲಾಗದು. ಕೋರಿಕೆ ಒಪ್ಪಿಕೊಂಡು ಸುಮ್ಮನಿದ್ದರೆ ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಬರೆಯಬಹುದು, ಹೇಳಲು ಹೊಸದೇನಾದರೂ ಇದ್ದರೆ. ‘ನನ್ನ ಮೆಸೇಜ್ ನೋಡಿದಿರಾ?’ ಎನ್ನುವುದು ಹೊಸದಲ್ಲ. ರಾಜೀನಾಮೆ ಕೊಟ್ಟಾಗಿದೆ, ಕೊನೆಯ ದಿನ ಇಂಥದ್ದು ಎನ್ನುವುದು ಹೊಸದು. ನೋಟಿಸ್‌ನಲ್ಲಿರುವವರನ್ನು ಬೇಗ ಸೇರಿಸಿಕೊಳ್ಳಬಹುದು ಎಂಬ ಕಾರಣಕ್ಕೆ ರಿಕ್ರೂಟರ್‌ಗಳ ಕಣ್ಣು ಅವರ ಮೇಲೆ ಸದಾ ಇರುತ್ತದೆ. ಉತ್ತರದ ಜೊತೆ ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ದುಡ್ಡಿನ ಮಾತು ಬಂದರೆ ಎದುರಿಗಿರುವುದು ಮೋಸಗಾರರು, ಮಾತು ಅಲ್ಲಿಗೇ ಮುಗಿಸಿ.

ಬಂದ ಉತ್ತರವನ್ನು ಓದುವುದಕ್ಕೂ ಒಂದು ಹದವಿದೆ. ‘ನಿಮ್ಮ ಪ್ರೊಫೈಲ್ ಇಟ್ಟುಕೊಂಡಿರುತ್ತೇವೆ’ ಎಂದರೆ ಸದ್ಯಕ್ಕೆ ಮಂಜೂರಾತಿ ಇಲ್ಲ ಎಂದೇ ತಿಳಿಯಿರಿ, ಬೇಸರಪಡುವಂಥದ್ದೇನಿಲ್ಲ. ‘ಈಗಿನ ಸಿಟಿಸಿ ಎಷ್ಟು, ಎಷ್ಟು ನಿರೀಕ್ಷೆ, ದೇವನಹಳ್ಳಿಗೆ ಓಡಾಡಲು ಆಗುತ್ತದೆಯೇ?’ ಎಂದು ಕೇಳಿದರೆ ಮ್ಯಾನೇಜರ್‌ಗೆ ಕಳಿಸುವ ಪಟ್ಟಿಯ ಖಾನೆ ತುಂಬುತ್ತಿರುವ ಸಾಧ್ಯತೆ ಹೆಚ್ಚು. ಆಗ ಒಂದೊಂದಕ್ಕೂ ಒಂದೊಂದು ಸಂದೇಶ ಬೇಡ. ಎಲ್ಲ ಉತ್ತರವನ್ನೂ ಒಂದರಲ್ಲೇ ಬರೆದು, ಫೋನ್ ನಂಬರ್ ಮತ್ತು ಮಾತಿಗೆ ಸಿಗುವ ಸಮಯ ಸೇರಿಸಿ, ಆ ದಿನವೇ ರೆಸ್ಯೂಮೆ ಜೊತೆ ಕಳಿಸಿಬಿಡಿ.