ನೋಟ್ಸ್‌ನಿಂದ ಪದಕೋಶ

ಬಿ.ಎ. ಅರ್ಥಶಾಸ್ತ್ರದ ನೋಟ್ಸ್‌ನಿಂದ ಪದಕೋಶ ತೆಗೆಯಲು ಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪದ ಮೊದಲು ಕಂಡ ಪುಟದಿಂದಲೇ ಅರ್ಥ ಬರೆದುಕೊಳ್ಳುತ್ತಾರೆ. ಎಡವಟ್ಟಾಗುವುದು ಅಲ್ಲೇ.

‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ವನ್ನೇ ನೋಡಿ. ಆರಂಭದ ಪಾಠದಲ್ಲಿ ‘ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತದೆ’ ಎಂದಷ್ಟೇ ಇರುತ್ತದೆ. ಲೆಕ್ಕ ಶುರುವಾದ ಮೇಲೆ ಅದು ಶೇಕಡಾವಾರು ಬದಲಾವಣೆಗಳ ಅನುಪಾತವಾಗುತ್ತದೆ: ಬೆಲೆ ಶೇ 10 ಏರಿ ಕೊಳ್ಳುವ ಪ್ರಮಾಣ ಶೇ 5 ಇಳಿದರೆ, ಋಣ ಚಿಹ್ನೆ ಬಿಟ್ಟು, 0.5. ಮುಂದೆ ಆದಾಯದ ಸ್ಥಿತಿಸ್ಥಾಪಕತ್ವವೂ ಬರುತ್ತದೆ. ಆಗ ಹಳೆಯದಕ್ಕೆ ‘ಬೆಲೆ’ ಎಂದು ಸೇರಿಸದೆ ವಿಧಿಯಿಲ್ಲ. ಹಾಗಾಗಿ ಪದ ಬಂದ ಪುಟಗಳನ್ನೆಲ್ಲ ಮೊದಲು ಅಂಚಿನಲ್ಲಿ ಗುರುತಿಸಿ, ಕೊನೆಯದನ್ನೂ ಓದಿದ ಮೇಲೆ ಒಂದೇ ಸಾಲು ಬರೆಯುವುದು ಲೇಸು.

ಆ ಸಾಲನ್ನಷ್ಟೇ ನೋಡಿಕೊಂಡು ಹಳೆಯ ಪ್ರಶ್ನೆಪತ್ರಿಕೆಯ ಲೆಕ್ಕವೊಂದನ್ನು ಬಿಡಿಸಲಾಗದಿದ್ದರೆ, ಅರ್ಥದಲ್ಲಿ ಏನೋ ಬಿಟ್ಟುಹೋಗಿದೆ. ಹೆಚ್ಚಾಗಿ ಬಿಟ್ಟುಹೋಗುವುದು ‘ಶೇಕಡಾವಾರು’ ಎಂಬ ಪದವೇ.