ಮಕ್ಕಳ ಬ್ರಾಹ್ಮಿ ಮತ್ತು ಬಜೆ: ಗುಣವೂ ಎಚ್ಚರಿಕೆಯೂ

ಮಕ್ಕಳ ಸ್ಮರಣಶಕ್ತಿಗೆಂದು ನಮ್ಮ ಮನೆಗಳಲ್ಲಿ ಬಳಸುವ ಬ್ರಾಹ್ಮಿ ಮತ್ತು ಬಜೆ ಒಂದೇ ಬಗೆಯ ಔಷಧಿಗಳಲ್ಲ. ಒಂದನ್ನು ಆಹಾರದಂತೆ ಬಳಸಬಹುದು. ಇನ್ನೊಂದನ್ನು ಹಾಗೆ ಬಳಸಲಾಗದು.

ಬ್ರಾಹ್ಮಿ ಎಂಬ ಹೆಸರು ಎರಡು ಸಸ್ಯಗಳಿಗೆ ಸಲ್ಲುತ್ತದೆ. ತೊಟ್ಟಿಗೊಂದೇ ದುಂಡನೆಯ ಎಲೆಯಿರುವುದು ಒಂದೆಲಗ. ಸಣ್ಣ, ದಪ್ಪ, ಎದುರುಬದುರು ಎಲೆಗಳುಳ್ಳ, ಬಹಳ ಕಹಿಯಾದದ್ದು ನೀರುಬ್ರಾಹ್ಮಿ. ಒಂದೆಲಗವನ್ನು ಊಟ ಮಾಡುವ ವಯಸ್ಸಿನ ಮಕ್ಕಳಿಗೆ ತಂಬುಳಿಯಾಗಿಯೋ ಚಟ್ನಿಯಾಗಿಯೋ ಆಗಾಗ ಕೊಡುವುದುಂಟು. ಚರಂಡಿಯ ಬದಿಯ ಎಲೆಯನ್ನು ತರಬಾರದು. ನೀರುಬ್ರಾಹ್ಮಿಯ ಕುರಿತ ಅಧ್ಯಯನಗಳು ಹೆಚ್ಚಾಗಿ ವಯಸ್ಕರ ಮೇಲೆ, ಸುಮಾರು 12 ವಾರಗಳ ಕಾಲ ನಡೆದವು. ಅವುಗಳಲ್ಲಿ ಕಂಡ ಲಾಭ ಮಿತವಾದುದು. ಇದನ್ನು ಖಾಲಿ ಹೊಟ್ಟೆಯಲ್ಲಿ ಸೇವಿಸಿದರೆ ಹೊಟ್ಟೆನೋವು, ಭೇದಿ ಆಗಬಹುದು.

ಸಂಸ್ಕೃತದಲ್ಲಿ ವಚಾ ಎನಿಸಿದ ಬಜೆಯ ಬೇರು ಆಯುರ್ವೇದದಲ್ಲಿ ಮೇಧ್ಯವೂ ಹೌದು, ವಾಂತಿ ಮಾಡಿಸುವ ದ್ರವ್ಯವೂ ಹೌದು. ಆದ್ದರಿಂದಲೇ ವೈದ್ಯರು ಅದನ್ನು ಶೋಧಿಸಿ, ಅಲ್ಪ ಪ್ರಮಾಣದಲ್ಲಿ ಬಳಸುತ್ತಾರೆ. ನಮ್ಮ ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶ ಹೆಚ್ಚು. ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಕರುಳಿನಲ್ಲಿ ಗೆಡ್ಡೆಗಳು ಕಂಡುಬಂದುದರಿಂದ, ಅಮೆರಿಕ 1968ರಲ್ಲಿ ಬಜೆಯನ್ನು ಆಹಾರಪದಾರ್ಥಗಳಲ್ಲಿ ನಿಷೇಧಿಸಿತು.

ಈಗ ಒಂದು ಮನೆಯ ಸಂದರ್ಭವನ್ನು ಊಹಿಸೋಣ. ಮೂರು ತಿಂಗಳ ಕೂಸಿಗೆ ಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ. ಒಂದು ದಿನ ಎರಡು ಸುತ್ತು ತೇಯ್ದರೆ ಮರುದಿನ ಹತ್ತು. ಬೇರು ಹೊಸದಾದರೆ ಸತ್ವ ಇನ್ನೂ ಹೆಚ್ಚು. ಹೀಗಾಗಿ ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೆಂದು ಅಳೆಯಲು ಯಾರಿಗೂ ಸಾಧ್ಯವಿಲ್ಲ. ಮಗು ಮರಳಿ ಮರಳಿ ವಾಂತಿ ಮಾಡಿದರೆ ಅದನ್ನು "ಕಫ ಹೊರಬಂತು" ಎಂದು ಹಿರಿಯರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಅದು ಪ್ರಮಾಣ ಮೀರಿದ ಲಕ್ಷಣವೂ ಆಗಿರಬಹುದು. ಮಗು ಹಾಲು ಕುಡಿಯದೆ, ಮಂಕಾಗಿ, ಮೂತ್ರ ಕಡಿಮೆಯಾದರೆ ದೇಹದ ನೀರು ಬತ್ತುತ್ತಿದೆಯೆಂದು ತಿಳಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬೇರಿನ ತುಂಡನ್ನೂ ಜೊತೆಗೆ ಕೊಂಡೊಯ್ದು ತೋರಿಸಬೇಕು. ಇಲ್ಲಿ ಜೇನು ಎರಡನೆಯ ಅಪಾಯ. ಒಂದು ವರ್ಷ ತುಂಬದ ಮಕ್ಕಳಿಗೆ ಅದರಿಂದ ಬೊಟುಲಿಸಂ ಎಂಬ, ಸ್ನಾಯುಗಳು ಸೋಲುವ ಕಾಯಿಲೆ ಬರಬಹುದು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು.

ಅಂಗಡಿಯ ಸಾರಸ್ವತಾರಿಷ್ಟದಲ್ಲಿ ಬ್ರಾಹ್ಮಿಯೊಡನೆ ಬಜೆಯೂ ಇರುತ್ತದೆ. ಅದು ಹುದುಗಿಸಿ ಮಾಡಿದ ಔಷಧಿಯಾದ್ದರಿಂದ ತಾನಾಗಿ ಹುಟ್ಟಿದ ಮದ್ಯಸಾರವೂ ಅದರಲ್ಲಿರುತ್ತದೆ. ಪ್ರಮಾಣವನ್ನು ಸೀಸೆಯ ಚೀಟಿಯಲ್ಲಿ ನೋಡಿಕೊಳ್ಳಬೇಕು. ಪರೀಕ್ಷೆಯ ತಿಂಗಳಲ್ಲಿ ನೆರೆಮನೆಯವರ ಮಾತು ಕೇಳಿ ಅದನ್ನು ಆರಂಭಿಸಲಾಗದು. ಮಗುವಿನ ತೂಕ ನೋಡಿ ಪ್ರಮಾಣವನ್ನು ಹೇಳಬೇಕಾದವರು ನೋಂದಾಯಿತ ಆಯುರ್ವೇದ ವೈದ್ಯರು.

ಮೂರ್ಛೆರೋಗದ ಮಾತ್ರೆ ಸೇವಿಸುವ ಮಗುವಿಗೆ ಬ್ರಾಹ್ಮಿಯನ್ನು ನಂಬಿ ಆ ಮಾತ್ರೆ ನಿಲ್ಲಿಸುವುದು ಪ್ರಾಣಾಪಾಯಕರ. ಮಾತು ತಡವಾದ ಮಗುವಿಗೆ ಬಜೆ ನೆಕ್ಕಿಸುತ್ತ ಕಾಯುವುದಕ್ಕಿಂತ ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕೆಂದು ನಾವು ತಂದೆತಾಯಿಗಳಲ್ಲಿ ವಿನಂತಿಸುತ್ತೇವೆ.